ಫಾರ್ಮ್ 16 ಇಲ್ಲದವರು

ದುಬೈ ಕುಸಿಯುತ್ತಿದೆ ಎಂದು ಇಲ್ಲಿಯ ಪತ್ರಿಕೆಗಳಲ್ಲಿ ಬರುವ ಮೊದಲೇ ನಮ್ಮ ಆಫೀಸಿನ ಪ್ಲಾಟರ್ ಸುಮ್ಮನಾಗಿತ್ತು. ದಿನವಿಡೀ ಚಾದರದಷ್ಟು ಅಗಲದ ಡ್ರಾಯಿಂಗುಗಳನ್ನು ಕಕ್ಕುತ್ತಿದ್ದ ಯಂತ್ರ ಅದು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿತು. ಅಕ್ಟೋಬರಿನಲ್ಲಿ ದುಬೈಯ ನಖೀಲ್ ಕಂಪೆನಿ ಒಂದು ಕಿಲೋಮೀಟರ್ ಎತ್ತರದ ಗೋಪುರ ಕಟ್ಟುತ್ತೇವೆಂದು ಘೋಷಿಸಿತು, ಜನವರಿಯಲ್ಲಿ ಅದನ್ನೇ ತಡೆಹಿಡಿಯಿತು. ಅಷ್ಟು ದೊಡ್ಡವರೇ ಕೈಚೆಲ್ಲಿದ ಮೇಲೆ ನಮ್ಮಂಥ ಉಪಗುತ್ತಿಗೆಯ ಕಂಪೆನಿಗಳದ್ದು ಹೇಳುವುದೇನು? ಕಟ್ಟಡಗಳ ಏಸಿ, ಪ್ಲಂಬಿಂಗ್, ವೈರಿಂಗ್ ಮಾಡಿಕೊಡುವ ಕಂಪೆನಿ ನಮ್ಮದು. ಆ ದಂಧೆಗೆ ಅಲ್ಲಿ ಎಂಇಪಿ ಎನ್ನುತ್ತಾರೆ. ನಾನು ಅದರಲ್ಲಿ ಡ್ರಾಫ್ಟ್ಸ್‌ಮನ್. ಏಳು ವರ್ಷ ಏಸಿಯ ಡಕ್ಟು ಎಲ್ಲಿ ಹೋಗಬೇಕು, ಎಲ್ಲಿ ತಿರುಗಬೇಕು ಎಂದು ಗೆರೆ ಎಳೆದವನು.

ಕೆಲಸದಿಂದ ತೆಗೆಯುವಾಗ ಅಲ್ಲಿ ಗಲಾಟೆ ಏನೂ ಇರಲಿಲ್ಲ. ವೀಸಾ ಕೆಲಸ ನೋಡಿಕೊಳ್ಳುವ ಪಿಆರ್‌ಒ ಕರೆದು ಎರಡು ಕಾಗದ ಮುಂದಿಡುತ್ತಿದ್ದ. ಸಹಿ ಹಾಕಿದರೆ ವೀಸಾ ರದ್ದು, ಆಮೇಲೆ ದೇಶ ಬಿಡಲು ಮೂವತ್ತು ದಿನ. ಎರಡನೇ ಕಾಗದವನ್ನು ಓದಿದವರು ಕಡಿಮೆ. ಕಂಪೆನಿ ನಮ್ಮನ್ನು ತೆಗೆಯುತ್ತಿದೆ ಎಂದು ಅದರಲ್ಲಿ ಇರುತ್ತಿರಲಿಲ್ಲ, ನಾವೇ ರಾಜೀನಾಮೆ ಕೊಡುತ್ತಿದ್ದೇವೆ ಎಂದಿರುತ್ತಿತ್ತು. ವ್ಯತ್ಯಾಸ ದುಡ್ಡಿನದು. ಆಗಿನ ಕಾನೂನಿನ ಪ್ರಕಾರ ಗ್ರಾಚ್ಯುಟಿಯ ಲೆಕ್ಕ ಮೂಲವೇತನದ ಮೇಲೆ ಮಾತ್ರ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಇಪ್ಪತ್ತೊಂದು ದಿನದ ಸಂಬಳ, ಆಮೇಲೆ ವರ್ಷಕ್ಕೆ ಮೂವತ್ತು ದಿನದ್ದು. ಅವಧಿ ನಿಗದಿಯಾಗದ ಕರಾರಿನಲ್ಲಿ ಇದ್ದವನು ಮೂರರಿಂದ ಐದು ವರ್ಷದ ಒಳಗೆ ತಾನಾಗಿ ಬಿಟ್ಟರೆ ಅದರಲ್ಲಿ ಮೂರನೇ ಎರಡು ಭಾಗ ಮಾತ್ರ ಸಿಗುತ್ತಿತ್ತು, ಒಂದರಿಂದ ಮೂರು ವರ್ಷದ ಒಳಗಾದರೆ ಮೂರನೇ ಒಂದು ಭಾಗ. ನನಗೆ ಐದು ದಾಟಿದ್ದರಿಂದ ಪೂರ್ತಿ ಬಂತು. ತಿಂಗಳಿಗೆ ಒಟ್ಟು ಆರು ಸಾವಿರ ದಿರ್ಹಮ್ ಸಂಬಳವಿದ್ದರೂ ಮೂಲವೇತನ 2,400 ಮಾತ್ರ, ಅಂದರೆ ದಿನಕ್ಕೆ ಎಂಬತ್ತು. ಐದು ವರ್ಷಕ್ಕೆ 8,400, ಉಳಿದ ಎರಡು ವರ್ಷಕ್ಕೆ 4,800, ಒಟ್ಟು 13,200 ದಿರ್ಹಮ್. ಆಗ ದಿರ್ಹಮಿಗೆ ಹದಿಮೂರು ರೂಪಾಯಿ ಚಿಲ್ಲರೆ. ಏಳು ವರ್ಷದ ದುಬೈ ಒಂದು ಲಕ್ಷ ಎಪ್ಪತ್ತು ಸಾವಿರ ರೂಪಾಯಿಯಷ್ಟಾಗಿ ಕೈಗೆ ಬಂತು. ನಾಲ್ಕು ವರ್ಷದ ಪಕ್ಕದ ಟೇಬಲಿನವನಿಗೆ 6,720 ಬರಬೇಕಿದ್ದದ್ದು ಆ ಎರಡನೇ ಕಾಗದದಿಂದಾಗಿ 4,480ಕ್ಕೆ ಇಳಿಯಿತು. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ರಾಜೀನಾಮೆಗೆ ಈ ಕಡಿತ ಇಲ್ಲ.

ಬಜ್ಪೆಯಲ್ಲಿ ಇಳಿದು ಕಾಪುವಿನ ಮನೆ ಸೇರಿದ ಮೇಲೆ ಎರಡು ತಿಂಗಳು ಯಾರಿಗೂ ಏನೂ ಅನಿಸಲಿಲ್ಲ. ಗಲ್ಫಿನವನು ಎರಡು ವರ್ಷಕ್ಕೊಮ್ಮೆ ಬರುತ್ತಾನೆ, ಟ್ಯಾಂಗ್, ನಿಡೋ, ಟೈಗರ್ ಬಾಮ್ ಹಂಚುತ್ತಾನೆ, ಎರಡು ಮದುವೆ ಒಂದು ಕೋಲ ನೋಡಿ ಹೋಗುತ್ತಾನೆ. ಕರಾವಳಿಯ ಊರುಗಳಲ್ಲಿ ಇದು ಮಳೆಗಾಲದಷ್ಟೇ ಗೊತ್ತಿರುವ ಸಂಗತಿ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರದ್ದೆಲ್ಲ ಒಂದೇ ಪ್ರಶ್ನೆ.

"ರಜೆ ಎಷ್ಟು ದಿನ ಉಂಟು?"

"ರಜೆ ಅಲ್ಲ, ಬಿಟ್ಟು ಬಂದದ್ದು."

"ಹಾಂ ಹಾಂ. ಹಾಗಾದ್ರೆ ಯಾವಾಗ ವಾಪಸು?"

ಕೇಳಿಸಲಿಲ್ಲ ಎಂದಲ್ಲ, ನಂಬಲಿಲ್ಲ. ಮೂರನೇ ತಿಂಗಳಿಗೆ ನಂಬಿದರು. ಆಮೇಲೆ ಯಾರೂ ಕೇಳಲಿಲ್ಲ, ಆ ಮೌನಕ್ಕಿಂತ ಪ್ರಶ್ನೆಯೇ ಮೇಲಿತ್ತು. ನಂಬದೇ ಉಳಿದದ್ದು ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿ ಮಾತ್ರ. ಅವರ ಪಟ್ಟಿಯಲ್ಲಿ ನನ್ನ ಹೆಸರು ಗಲ್ಫಿನವರ ಪುಟದಲ್ಲಿತ್ತು, ಹೆಸರಿನ ಎದುರು ಮೊತ್ತವೂ ಮೊದಲೇ ಬರೆದಿತ್ತು. ಕೆಲಸ ಇಲ್ಲ ಎಂದರೆ "ಈಗಲೇ ಕೊಡಬೇಕೆಂದಿಲ್ಲ ಅಣ್ಣ, ಹೋದ ಮೇಲೆ ಕಳಿಸಿದರೆ ಸಾಕು" ಎಂದು ರಶೀದಿ ಹರಿದೇ ಕೊಟ್ಟರು.

ವಿದೇಶದಿಂದ ಬಂದವರು ಇಲ್ಲಿಯ ಧೂಳು, ಟ್ರಾಫಿಕ್ಕು, ಲಂಚ ಎಂದು ದೂರುತ್ತಾರಲ್ಲ, ಅದು ನನ್ನನ್ನು ಅಷ್ಟೇನೂ ಕಾಡಲಿಲ್ಲ. ಮೈಗೆ ಅಂಟಿದ ಕೆಲವು ಅಭ್ಯಾಸಗಳು ಕಾಡಿದವು. ಶುಕ್ರವಾರ ಬೆಳಿಗ್ಗೆ ಏಳಲು ಮನಸ್ಸಾಗುತ್ತಿರಲಿಲ್ಲ, ಭಾನುವಾರ ಐದಕ್ಕೇ ಎಚ್ಚರವಾಗಿ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಶುಕ್ರವಾರ ರಜೆ ಉಂಡವನ ಗಡಿಯಾರ ಹಾಗೆ. (ಈಗಿನವರಿಗೆ ಈ ತಾಪತ್ರಯ ಅಷ್ಟಿಲ್ಲ, 2022ರಿಂದ ಅಲ್ಲಿಯ ಸರಕಾರಿ ಕಚೇರಿಗಳಿಗೆ ಶನಿವಾರ-ಭಾನುವಾರವೇ ರಜೆ.) ರಸ್ತೆ ದಾಟುವಾಗ ಜೀಬ್ರಾ ಪಟ್ಟೆ ಹುಡುಕಿ ನಿಂತು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನಿಂದ ಬೈಸಿಕೊಂಡಿದ್ದೇನೆ. ಇನ್ನೊಂದು ತಮಾಷೆ ಸೆಕೆಯದ್ದು. ಊರೆಲ್ಲದರ ಕಟ್ಟಡ ತಂಪು ಮಾಡುವ ಡ್ರಾಯಿಂಗ್ ಎಳೆದವನ ಸ್ವಂತ ಮನೆಯಲ್ಲಿ ಇದ್ದದ್ದು ಎರಡು ಸೀಲಿಂಗ್ ಫ್ಯಾನು, ಏಪ್ರಿಲಿನಲ್ಲಿ ಅವಕ್ಕೂ ಕರೆಂಟು ಇರುತ್ತಿರಲಿಲ್ಲ.

ನಿಜವಾದ ಪೆಟ್ಟು ಮನೆಯೊಳಗಿತ್ತು. ನಾನಿಲ್ಲದ ವರ್ಷಗಳಲ್ಲಿ ಹೆಂಡತಿ ಆ ಮನೆಯನ್ನು ನಡೆಸಿದ್ದಳು, ಚೆನ್ನಾಗಿಯೇ ನಡೆಸಿದ್ದಳು. ಪಿಗ್ಮಿಯವನು ಬಂದರೆ ಅವಳ ಹೆಸರು ಕರೆಯುತ್ತಿದ್ದ. ತೆಂಗಿನಕಾಯಿ ಕೀಳುವವನ ಕೂಲಿ, ಬಾವಿಯ ಪಂಪಿನ ರಿಪೇರಿ, ಮಗಳ ಶಾಲೆಯ ಫೀಸಿನ ತಾರೀಕು ಎಲ್ಲ ಅವಳ ತಲೆಯಲ್ಲಿತ್ತು. ನಾನು ಯಾವುದಕ್ಕೆ ಕೈಹಾಕಿದರೂ ಅಲ್ಲಿ ಆಗಲೇ ಒಂದು ಕ್ರಮ ಇತ್ತು, ನನ್ನಿಂದ ಅದು ಕೆಡುತ್ತಿತ್ತು. ದುಬೈಯಿಂದ ದಿನಾ ಫೋನಿನಲ್ಲಿ ಮನೆ ಯಜಮಾನಿಕೆ ಮಾಡುತ್ತಿದ್ದವನಿಗೆ ಮನೆಯಲ್ಲಿ ಕೂತರೆ ಮಾಡಲು ಕೆಲಸವಿಲ್ಲ. ಗಂಡಸರು ಇದನ್ನು ಹೇಳಿಕೊಳ್ಳುವುದಿಲ್ಲ. ಬಂದವರಲ್ಲಿ ಅನೇಕರು ಆರೇ ತಿಂಗಳಿಗೆ ಮತ್ತೆ ವೀಸಾ ಹುಡುಕುವುದಕ್ಕೆ ದುಡ್ಡೊಂದೇ ಕಾರಣವಲ್ಲ ಎಂದು ನನಗೆ ಅನಿಸಿದ್ದು ಆಗಲೇ.

ಕೆಲಸ ಹುಡುಕುವುದು ಆಗ ಎಂದರೆ ಬುಧವಾರದ ಇಂಗ್ಲಿಷ್ ಪೇಪರಿನ ಉದ್ಯೋಗ ಪುರವಣಿ, ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ನೌಕ್ರಿ ಡಾಟ್ ಕಾಮ್, ಮತ್ತು ಗುರುತಿನವರು. ಮೊದಲೆರಡು ಬೆಂಗಳೂರಿಗೆ ಕರೆದೊಯ್ದವು. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಲಾಡ್ಜಿನಲ್ಲಿ ಎರಡು ಗಂಟೆಗೆ ರೂಮು ಮಾಡಿ ಸ್ನಾನ ಮುಗಿಸಿ ಇಂಟರ್‌ವ್ಯೂಗೆ ಹೋಗುವುದು.

ಒಂದು ಕನ್ಸಲ್ಟೆನ್ಸಿ ಆಫೀಸಿನ ಇಂಟರ್‌ವ್ಯೂ ಪೂರ್ತಿ ನೆನಪಿದೆ. ತಾಂತ್ರಿಕ ಪ್ರಶ್ನೆ ಕೇಳಿದವರು ನನ್ನ ಡ್ರಾಯಿಂಗುಗಳನ್ನು ತಿರುವಿ ನೋಡಿ ಖುಷಿಪಟ್ಟರು. ಆಮೇಲೆ ಡಕ್ಟಿನ ತಗಡಿನ ದಪ್ಪ ಯಾವ ಆಧಾರದ ಮೇಲೆ ಹಾಕುತ್ತೀರಿ ಎಂದರು. ಡಿಡಬ್ಲ್ಯು 144 ಎಂದೆ. ಅದು ಬ್ರಿಟಿಷರ ನಿಯಮಾವಳಿ, ದುಬೈಯ ಹೆಚ್ಚಿನ ಸೈಟುಗಳಲ್ಲಿ ಅದೇ ನಡೆಯುತ್ತಿತ್ತು. "ಇಲ್ಲಿ ಐಎಸ್ 655 ನೋಡ್ತೀವಿ" ಎಂದರು. ಅದೊಂದು ದೊಡ್ಡ ವಿಷಯವಲ್ಲ, ಪುಸ್ತಕ ತಂದು ಓದಿದರೆ ಕಲಿಯಬಹುದು. ಮುಂದಿನ ಪ್ರಶ್ನೆಗಳೇ ಬೇರೆ. ಲೋಡ್ ಲೆಕ್ಕ ಯಾರು ಮಾಡುತ್ತಿದ್ದರು? ಡಿಸೈನ್ ಇಂಜಿನಿಯರ್. ಬಿಲ್ಲು? ಕ್ವಾಂಟಿಟಿ ಸರ್ವೇಯರ್. ಸಾಮಾನು ತರಿಸುವುದು? ಪರ್ಚೇಸ್ ವಿಭಾಗ. ಸೈಟಿನಲ್ಲಿ ಜನರನ್ನು ನಿಭಾಯಿಸುವುದು? ಫೋರ್‌ಮನ್. "ಮತ್ತೆ ನೀವು ಏಳು ವರ್ಷ ಏನು ಮಾಡಿದಿರಿ?"

ಅವಮಾನ ಮಾಡಲು ಕೇಳಿದ ಪ್ರಶ್ನೆ ಅದಲ್ಲ. ಗಲ್ಫಿನ ದೊಡ್ಡ ಕಂಪೆನಿಗಳಲ್ಲಿ ಒಂದು ಕೆಲಸವನ್ನು ಹತ್ತು ತುಂಡು ಮಾಡಿ ಹತ್ತು ಮಂದಿಗೆ ಕೊಟ್ಟಿರುತ್ತಾರೆ. ಬಿಟ್ಟುಹೋದವನ ಜಾಗಕ್ಕೆ ಮರುದಿನವೇ ಇನ್ನೊಬ್ಬನನ್ನು ಕೂರಿಸಬಹುದು. ನನ್ನ ತುಂಡಿನಲ್ಲಿ ನಾನು ಗಟ್ಟಿಗ. ಇಲ್ಲಿಯ ಸಣ್ಣ ಕಂಪೆನಿಗೆ ಬೇಕಾದದ್ದು ಬೆಳಿಗ್ಗೆ ಡ್ರಾಯಿಂಗ್ ಎಳೆದು, ಮಧ್ಯಾಹ್ನ ಸೈಟಿಗೆ ಹೋಗಿ, ಸಂಜೆ ಅಳತೆ ಬರೆದು ಬಿಲ್ಲು ಮಾಡುವ ಒಬ್ಬ ಮನುಷ್ಯ. ಐದು ವರ್ಷ ಇಲ್ಲೇ ದುಡಿದ ಡಿಪ್ಲೊಮಾ ಹುಡುಗ ಆ ಲೆಕ್ಕದಲ್ಲಿ ನನಗಿಂತ ಮುಂದಿದ್ದ. ವಿದೇಶದ ಅನುಭವಕ್ಕೆ ತೂಕ ಜಾಸ್ತಿ ಎಂದು ನಂಬಿ ಬರುವವರು ಮೊದಲು ಎಡವುವುದು ಇಲ್ಲಿ.

ಅಷ್ಟಾದರೂ ಆ ಆಫೀಸಿನವರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದರು. ತಿಂಗಳಿಗೆ ಇಪ್ಪತ್ತೆಂಟು ಸಾವಿರ. ಆಮೇಲೆ ಎಚ್‌ಆರ್ ವಿಭಾಗದ ಹುಡುಗಿ ಒಂದು ಪಟ್ಟಿ ಕೊಟ್ಟಳು: ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ರಿಲೀವಿಂಗ್ ಲೆಟರ್, ಅನುಭವ ಪತ್ರ.

ಫಾರ್ಮ್ 16 ಎಂದರೆ ಸಂಬಳದಲ್ಲಿ ಆದಾಯ ತೆರಿಗೆ ಮುರಿದುಕೊಂಡದ್ದಕ್ಕೆ ಮಾಲೀಕ ಕೊಡುವ ಪ್ರಮಾಣಪತ್ರ. ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಗೆ ಪ್ರಮಾಣಪತ್ರ ಎಲ್ಲಿಂದ ತರಲಿ? "ಸರ್, ಸಿಸ್ಟಮ್‌ನಲ್ಲಿ ಅದು ಕಂಪಲ್ಸರಿ ಫೀಲ್ಡು" ಎಂದಳು ಪಾಪ. ಬ್ಯಾಂಕ್ ಸ್ಟೇಟ್‌ಮೆಂಟೂ ಇರಲಿಲ್ಲ. ನಮಗೆ ಸಂಬಳ ಬರುತ್ತಿದ್ದದ್ದು ಲಕೋಟೆಯಲ್ಲಿ, ನಗದಾಗಿ. ಅಕೌಂಟೆಂಟನ ಮೇಜಿನ ಮುಂದೆ ಸಾಲು ನಿಂತು ರಿಜಿಸ್ಟರಿಗೆ ಸಹಿ ಹಾಕಿ ತೆಗೆದುಕೊಂಡು, ನೇರ ಎಕ್ಸ್‌ಚೇಂಜಿಗೆ ಹೋಗಿ ಊರಿಗೆ ಕಳಿಸುವುದು. ಉಳಿದದ್ದು ಎಕ್ಸ್‌ಚೇಂಜಿನ ರಶೀದಿಗಳು ಮಾತ್ರ. ಅವು ಎಷ್ಟು ಕಳಿಸಿದೆ ಎಂದು ಹೇಳುತ್ತವೆಯೇ ಹೊರತು ಎಷ್ಟು ದುಡಿದೆ ಎಂದಲ್ಲ.

ಅದಕ್ಕಿಂತ ದೊಡ್ಡ ತೊಡಕು ಪಾಸ್‌ಪೋರ್ಟಿನಲ್ಲೇ ಇತ್ತು. ಗಲ್ಫಿಗೆ ಹೋದವರಿಗೆಲ್ಲ ಇದು ಗೊತ್ತು, ಇಲ್ಲಿಯವರಿಗೆ ಗೊತ್ತಿಲ್ಲ: ವೀಸಾದಲ್ಲಿ ಬರೆದ ಹುದ್ದೆ ಬೇರೆ, ಮಾಡುವ ಕೆಲಸ ಬೇರೆ. ಕಂಪೆನಿಗೆ ಯಾವ ಹುದ್ದೆಯ ವೀಸಾ ಕೋಟಾ ಉಳಿದಿದೆಯೋ ಅದರಲ್ಲಿ ಆಳು ತರಿಸುತ್ತಿದ್ದರು. ನನ್ನ ವೀಸಾದಲ್ಲಿ ಇದ್ದದ್ದು ಪೈಪ್ ಫಿಟ್ಟರ್. ನಮ್ಮ ಆಫೀಸಿನ ಅಕೌಂಟೆಂಟ್ ಕಾಗದದಲ್ಲಿ ಸೇಲ್ಸ್‌ಮನ್. ನಾವು ನಗುತ್ತಿದ್ದೆವು. ಬೆಂಗಳೂರಿನ ಕಂಪೆನಿ ಹಿನ್ನೆಲೆ ಪರಿಶೀಲನೆಗೆ ಹೊರಗಿನ ಏಜೆನ್ಸಿಯೊಂದಕ್ಕೆ ಕೊಟ್ಟಾಗ ನಗು ನಿಂತಿತು. ರೆಸ್ಯೂಮೆಯಲ್ಲಿ ಡ್ರಾಫ್ಟ್ಸ್‌ಮನ್, ವೀಸಾದಲ್ಲಿ ಫಿಟ್ಟರ್. ಖಚಿತಪಡಿಸಿಕೊಳ್ಳಲು ಅವರು ದುಬೈಗೆ ಈಮೇಲ್ ಕಳಿಸಿದರು, ಅಷ್ಟರಲ್ಲಿ ಅಲ್ಲಿ ಉತ್ತರ ಕೊಡುವವರು ಯಾರೂ ಉಳಿದಿರಲಿಲ್ಲ. ಆಫೀಸು ಮುಚ್ಚಿ ಫೋನು ಕಡಿದಿತ್ತು. ಎರಡು ತಿಂಗಳು ಕಾದ ಮೇಲೆ ಆ ಕೆಲಸ ಬೇರೆಯವರಿಗೆ ಹೋಯಿತು.

ಸಂಬಳದ ಮಾತೂ ಬರಬೇಕು. ಗಲ್ಫಿನಿಂದ ಬಂದವರು ಎಲ್ಲರೂ ಮಾಡುವ ಲೆಕ್ಕ ಒಂದೇ: ಆರು ಸಾವಿರವನ್ನು ಹದಿಮೂರರಿಂದ ಗುಣಿಸಿದರೆ ಎಪ್ಪತ್ತೆಂಟು ಸಾವಿರ. ಇಪ್ಪತ್ತೆಂಟು ಸಾವಿರ ಕೇಳಿದರೆ ಮುಖ ಚಿಕ್ಕದಾಗುತ್ತದೆ. ಲೆಕ್ಕ ತಪ್ಪಲ್ಲ, ಅರ್ಧ. ಆರು ಸಾವಿರದಲ್ಲಿ ಕರಾಮದ ಹಂಚಿಕೆಯ ರೂಮಿನ ಒಂದು ಮಂಚಕ್ಕೆ ಒಂಬತ್ತು ನೂರು ಹೋಗುತ್ತಿತ್ತು, ಮೆಸ್ಸಿಗೆ ಮುನ್ನೂರೈವತ್ತು. ಬಸ್ಸು, ಫೋನ್ ಕಾರ್ಡು, ಬಟ್ಟೆಬರೆ ಸೇರಿ ಇನ್ನೊಂದು ಏಳೂವರೆ ನೂರು. ಊರಿಗೆ ಬರುತ್ತಿದ್ದದ್ದು ನಾಲ್ಕು ಸಾವಿರ ದಿರ್ಹಮ್, ಅಂದರೆ ಐವತ್ತೆರಡು ಸಾವಿರ ರೂಪಾಯಿ. ಅದರಲ್ಲಿ ಊರಿನ ಮನೆಯ ಖರ್ಚೂ ನಡೆಯಬೇಕು, ಗಂಡ ಪರವೂರಲ್ಲಿದ್ದಾನೆ ಎಂದು ಹೆಚ್ಚಿಗೆ ಬರುವ ಖರ್ಚೂ ನಡೆಯಬೇಕು. ಇನ್ನೊಂದು ಕಡೆಯಿಂದ ನೋಡಿದರೆ ಬೆಂಗಳೂರಿನ ಇಪ್ಪತ್ತೆಂಟು ಸಾವಿರದಲ್ಲಿ ಬಾಡಿಗೆ, ಶಾಲೆ, ತಿಂಗಳಿಗೊಮ್ಮೆ ಊರಿನ ಬಸ್ಸು ಕಳೆದರೆ ಉಳಿಯುವುದು ಮಂಗಳೂರಿನ ಹದಿನಾಲ್ಕು ಸಾವಿರದಲ್ಲಿ ಸ್ವಂತ ಮನೆಯಿಂದ ಓಡಾಡುವವನಿಗೆ ಉಳಿಯುವಷ್ಟೇ. ಹೋಲಿಸಬೇಕಾದದ್ದು ಸಂಬಳವನ್ನಲ್ಲ, ತಿಂಗಳ ಕೊನೆಗೆ ಮಿಕ್ಕಿದ್ದನ್ನು. ಅದನ್ನು ಹೋಲಿಸಿದರೂ ಗಲ್ಫೇ ಗೆಲ್ಲುತ್ತದೆ, ಆದರೆ ಎಪ್ಪತ್ತೆಂಟಕ್ಕೆ ಹದಿನಾಲ್ಕು ಎನ್ನುವಷ್ಟು ಅನ್ಯಾಯವಾಗಿ ಅಲ್ಲ.

ಹದಿನಾಲ್ಕು ಸಾವಿರದ ಕೆಲಸ ಕೊನೆಗೆ ಸಿಕ್ಕಿದ್ದು ಗುರುತಿನವರಿಂದಲೇ. ಸುರತ್ಕಲ್ ಕಡೆಯ ಒಬ್ಬ ಏಸಿ ಕಾಂಟ್ರಾಕ್ಟರು, ನನ್ನ ಪಾಲಿಟೆಕ್ನಿಕ್ ಸಹಪಾಠಿಯ ಭಾವ. ಅವರು ಕಾಗದ ಯಾವುದೂ ಕೇಳಲಿಲ್ಲ. "ಬೈಕ್ ಓಡಿಸ್ಲಿಕ್ಕೆ ಬರ್ತದಾ? ಬಿಲ್ ಪಾಸ್ ಮಾಡಿಸ್ಲಿಕ್ಕೆ ಆಫೀಸುಗಳಿಗೆ ಅಲೀಲಿಕ್ಕೆ ನಾಚಿಕೆ ಇಲ್ಲ ಅಲ್ವಾ?" ಎಂದಷ್ಟೇ ಕೇಳಿದರು. ಪೆಟ್ರೋಲಿನ ದುಡ್ಡು ಬೇರೆ.

ಅವರಿಗೆ ಡ್ರಾಯಿಂಗ್ ಎಂದರೆ ಆಗದು. "ಅದೆಲ್ಲ ಸೈಟಲ್ಲಿ ಆಗ್ತದೆ" ಎನ್ನುವ ಜಾತಿ. ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಅದು ಆಗಲಿಲ್ಲ. ತೊಲೆಯ ಅಡಿಯಿಂದ ಫಾಲ್ಸ್ ಸೀಲಿಂಗಿಗೆ 500 ಮಿಲಿಮೀಟರ್ ಜಾಗ. ಏಸಿಯ ಡಕ್ಟು 300, ಮೇಲೆ ಕೆಳಗೆ ಇನ್ಸುಲೇಷನ್ 25ರಂತೆ 50, ಫ್ಲೇಂಜಿಗೆ ಮತ್ತು ತೂಗುಹಾಕುವ ಪಟ್ಟಿಗೆ ಇನ್ನೊಂದು 50. ಒಟ್ಟು 400 ಹೋದರೆ ಉಳಿಯುವುದು 100. ರೂಮುಗಳ ಏಸಿಯಿಂದ ತೊಟ್ಟಿಕ್ಕುವ ನೀರು ಹೊರಹೋಗುವ ಪೈಪು ಆ ಡಕ್ಟಿನ ಕೆಳಗಿಂದಲೇ ಹನ್ನೆರಡು ಮೀಟರ್ ಹೋಗಬೇಕಿತ್ತು. ನೀರು ತಾನಾಗಿ ಹರಿಯಬೇಕಾದರೆ ಮೀಟರಿಗೆ ಹತ್ತು ಮಿಲಿಮೀಟರಿನಂತೆ ಇಳಿಜಾರು ಬೇಕು, ಹನ್ನೆರಡು ಮೀಟರಿಗೆ 120. ಪೈಪಿನ ದಪ್ಪ ಬೇರೆ. ನೂರರೊಳಗೆ ಅದು ಕೂರುವುದಿಲ್ಲ. ನಾನು ಒಂದು ಹಾಳೆಯಲ್ಲಿ ಅಡ್ಡ ಕೊಯ್ದ ಚಿತ್ರ ಬರೆದು ತೋರಿಸಿದಾಗ ಡಕ್ಟು ಆಗಲೇ ಅರ್ಧ ಏರಿತ್ತು. ಪೈಪನ್ನು ಎರಡು ಭಾಗ ಮಾಡಿ, ಅರ್ಧ ನೀರನ್ನು ಕಾರಿಡಾರಿನ ಆಚೆ ತುದಿಯ ಶೌಚಾಲಯದ ಕಡೆಗೆ ತಿರುಗಿಸಿದರೆ ಇಳಿಜಾರು ಆರಾರು ಮೀಟರಿಗೆ 60ರಲ್ಲಿ ಮುಗಿಯುತ್ತದೆ ಎಂದು ತೋರಿಸಿದೆ. 32 ಮಿಲಿಮೀಟರಿನ ಪೈಪು, 60 ಇಳಿಜಾರು, ಒಟ್ಟು 92. ಪೈಪಿಗೆ ಇನ್ಸುಲೇಷನ್ ಸುತ್ತಿದರೆ ಅದೂ ಸಾಲದು ಎಂದು ಕಾಂಟ್ರಾಕ್ಟರು ಸರಿಯಾಗಿಯೇ ಹಿಡಿದರು. ಕೊನೆಗೆ ಡಕ್ಟನ್ನು ಅಗಲ ಮಾಡಿ 250ಕ್ಕೆ ತಗ್ಗಿಸಿದೆವು. ಏರಿಸಿದ್ದನ್ನು ಇಳಿಸಿ ತಗಡು ಮತ್ತೆ ಮಡಿಸಬೇಕಾಯಿತು. ಆ ನಷ್ಟ ಅವರ ಜೇಬಿನದು. ಮುಂದಿನ ಸೈಟಿನಿಂದ ನನಗೆ ಒಂದು ಕಂಪ್ಯೂಟರೂ ಮೇಜೂ ಬಂತು. ಬೈಕಿನ ಅಲೆದಾಟ ತಪ್ಪಲಿಲ್ಲ. ಬಿಲ್ಲು ಮಾಡುವುದು, ರೇಟು ಮಾತಾಡುವುದು, ಮೆಸ್ಕಾಂ ಆಫೀಸಿನಲ್ಲಿ ಯಾವ ಮೇಜಿಗೆ ಯಾವ ಹೊತ್ತಿಗೆ ಹೋಗಬೇಕೆನ್ನುವುದು, ದುಬೈಯಲ್ಲಿ ಕಲಿಯದ ಉಳಿದ ಒಂಬತ್ತು ತುಂಡುಗಳನ್ನು ಆ ಬೈಕಿನ ಮೇಲೆಯೇ ಕಲಿತೆ.

ಈಗ ಇಂಟರ್‌ವ್ಯೂ ಮೇಜಿನ ಈಚೆ ಬದಿಯಲ್ಲಿ ಕೂತಿದ್ದೇನೆ. ಕಂಪೆನಿ ಸ್ವಲ್ಪ ಬೆಳೆದಿದೆ, ಹೊಸಬರನ್ನು ನೋಡಿ ತೆಗೆದುಕೊಳ್ಳುವ ಕೆಲಸ ನನ್ನದು. ಗಲ್ಫಿನಿಂದ ಬಂದವರ ರೆಸ್ಯೂಮೆಗಳು ಅಲೆ ಅಲೆಯಾಗಿ ಬರುತ್ತವೆ. 2020ರಲ್ಲಿ ಬಂದಷ್ಟು ಎಂದೂ ಬಂದಿರಲಿಲ್ಲ. ಆ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ಬಂದವರಲ್ಲಿ ನನ್ನ ಅಕ್ಕನ ಮಗನೂ ಇದ್ದ, ನನ್ನದೇ ದಂಧೆ. ಲಾಡ್ಜಿನ ಕ್ವಾರಂಟೈನಿನಲ್ಲಿ ಕೂತೇ ಫೋನಿನಲ್ಲಿ ಮೂರು ಕಂಪೆನಿಗಳಿಗೆ ಇಂಟರ್‌ವ್ಯೂ ಕೊಟ್ಟ. ಕಾಗದದ ವಿಷಯದಲ್ಲಿ ಅವನ ಕಾಲ ವಾಸಿ. 2009ರಲ್ಲಿ, ನಾನು ಬಂದ ವರ್ಷವೇ, ಸಂಬಳವನ್ನು ಬ್ಯಾಂಕು ಅಥವಾ ಎಕ್ಸ್‌ಚೇಂಜಿನ ಮೂಲಕವೇ ಕೊಡಬೇಕೆಂಬ ವೇತನ ರಕ್ಷಣಾ ವ್ಯವಸ್ಥೆಯನ್ನು ಯುಎಇ ತಂದಿತು. ಹಾಗಾಗಿ ಅವನ ಬಳಿ ತಿಂಗಳು ತಿಂಗಳಿನ ದಾಖಲೆ ಇತ್ತು, ಫಾರ್ಮ್ 16ರ ಬದಲಿಗೆ ಅದನ್ನೇ ಕೊಟ್ಟ, ಯಾರೂ ತಕರಾರು ಮಾಡಲಿಲ್ಲ. ವೀಸಾದ ಹುದ್ದೆ ಮಾತ್ರ ಅವನದ್ದೂ ಬೇರೆಯೇ.

2023ರಿಂದ ಅಲ್ಲಿ ಕೆಲಸ ಹೋದವರಿಗೆ ವಿಮೆಯೂ ಬಂದಿದೆ. ಮೂಲವೇತನ ಹದಿನಾರು ಸಾವಿರದವರೆಗೆ ಇರುವವರು ತಿಂಗಳಿಗೆ ಐದು ದಿರ್ಹಮ್ ಕಟ್ಟಿದರೆ, ಕೆಲಸ ಹೋದಾಗ ಮೂಲವೇತನದ ಶೇಕಡಾ ಅರವತ್ತು ಮೂರು ತಿಂಗಳವರೆಗೆ. ಕೇಳಲು ಚೆಂದ. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಅದು ಇಲ್ಲ, ದೇಶ ಬಿಟ್ಟು ಬಂದವನಿಗೂ ಇಲ್ಲ. ಊರಿಗೆ ಮರಳಿ ಕೆಲಸ ಹುಡುಕುವವನಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ ಎಂದರೆ ತಪ್ಪಾಗದು. ಅಲ್ಲೇ ಉಳಿಯುವವನಿಗೂ ರಾಜೀನಾಮೆ ಎಂದಿದ್ದರೆ ವಿಮೆ ಹೋಗುತ್ತದೆ, ಪಿಆರ್‌ಒನ ಎರಡನೇ ಕಾಗದ ಈಗಲೂ ಓದಿ ನೋಡಬೇಕಾದದ್ದು ಅದಕ್ಕೇ.

ಅಕ್ಕನ ಮಗ ಒಂದೂವರೆ ವರ್ಷ ಬೆಂಗಳೂರಿನಲ್ಲಿ ದುಡಿದ. ಅಲ್ಲಿ ಅವನು ಮಾಡಿದ್ದು ಏನೆಂದರೆ ಗಲ್ಫಿನದೇ ಕೆಲಸ. ದುಬೈ ನಗರಸಭೆ 2014ರಿಂದ ನಲವತ್ತು ಮಹಡಿ ಮೀರಿದ ಕಟ್ಟಡ, ಆಸ್ಪತ್ರೆ ಮುಂತಾದವುಗಳಿಗೆ ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ಮೂರು ಆಯಾಮದ ಮಾದರಿ ಬೇಕು ಎಂದಿತು. ಬಿಐಎಂ ಎನ್ನುತ್ತಾರೆ. ಡಕ್ಟಿಗೆ ಪೈಪು ತಾಗುವುದನ್ನು ಅದು ಕೆಂಪು ಬಣ್ಣದಲ್ಲಿ ತೋರಿಸುತ್ತದೆ, ನನ್ನ ಹಾಗೆ ಅಡ್ಡ ಕೊಯ್ದು ಬರೆಯಬೇಕಿಲ್ಲ. ಆ ಮಾದರಿ ಮಾಡಲು ದುಬೈಯಲ್ಲಿಯೇ ಕೂರಬೇಕೆಂದೂ ಇಲ್ಲ. ಹೀಗಾಗಿ ಬೆಂಗಳೂರು, ಕೊಚ್ಚಿಯ ಆಫೀಸುಗಳಲ್ಲಿ ಕೂತು ರಿಯಾದಿನ ಕಟ್ಟಡದ ಡಕ್ಟು ಎಳೆಯುವ ಹುಡುಗರಿದ್ದಾರೆ. ನಾವು ಯಾವ ಕೆಲಸ ಹುಡುಕಿಕೊಂಡು ಸಮುದ್ರ ದಾಟಿದೆವೋ ಆ ಕೆಲಸ ತಾನೇ ಊರಿಗೆ ಬಂದಿದೆ, ಸಂಬಳವನ್ನು ಅಲ್ಲೇ ಬಿಟ್ಟು. ಅವನು ಈಗ ಸೌದಿಯಲ್ಲಿದ್ದಾನೆ. ಅಲ್ಲಿಯ ಸಂಬಳದ ಮುಂದೆ ಅವನನ್ನು ತಡೆಯಲು ನನ್ನಲ್ಲಿ ವಾದವೂ ಇರಲಿಲ್ಲ, ಕೊಡಲು ಅಷ್ಟು ಸಂಬಳವೂ ಇರಲಿಲ್ಲ. ನಮ್ಮ ಕಂಪೆನಿ ಇವತ್ತು ಅನುಭವಿ ಡ್ರಾಫ್ಟ್ಸ್‌ಮನ್‌ಗೆ ಕೊಡುವುದು ಮೂವತ್ತು ಸಾವಿರದ ಆಸುಪಾಸು.

ಬಂದು ನಿಂತವರನ್ನು ನಾನೂ ಅದೇ ಪ್ರಶ್ನೆ ಕೇಳುತ್ತೇನೆ: ಬಿಲ್ಲು ಯಾರು ಮಾಡುತ್ತಿದ್ದರು? ಅಲ್ಲಿ ಇನ್ನೊಬ್ಬನ ತುಂಡನ್ನು ಒಂದಿಷ್ಟಾದರೂ ಇಣುಕಿ ನೋಡಿದವನು ಆ ಪ್ರಶ್ನೆಗೆ ಬೆದರುವುದಿಲ್ಲ. ಕ್ವಾಂಟಿಟಿ ಸರ್ವೇಯರನ ಪಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಕೂತು ಅಳತೆ ಹಾಳೆ ಕಲಿತ ಒಬ್ಬ ಮುಲ್ಕಿಯ ಹುಡುಗನನ್ನು ಮಾತು ಮುಗಿಯುವ ಮೊದಲೇ ತೆಗೆದುಕೊಂಡೆ. ಬುರ್ಜ್ ಖಲೀಫಾದಲ್ಲಿ ಕೆಲಸ ಮಾಡಿದ್ದೇನೆ ಎಂದು ಬರುವವರು ಇದ್ದಾರೆ. ಯಾವ ಮಹಡಿ, ಯಾವ ತಿಂಗಳು, ನಿಮ್ಮ ಕೈಯಿಂದ ಆದದ್ದು ಏನು ಎಂದು ಕೇಳಿದರೆ ಮೂರನೇ ಪ್ರಶ್ನೆಗೆ ಸದ್ದಿಲ್ಲ. ಅಲ್ಲಿಯ ಕಟ್ಟಡದ ಹೆಸರಿಗೆ ಇಲ್ಲಿ ಸಂಬಳ ಕೊಡುವವರಿಲ್ಲ.

ಹೊರಡುವ ಯೋಚನೆಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ವೀಸಾ ರದ್ದಿಗೆ ಸಹಿ ಹಾಕುವ ಮೊದಲು, ಕಂಪೆನಿಯ ಬಾಗಿಲು ತೆರೆದಿರುವಾಗಲೇ, ನೀವು ನಿಜವಾಗಿ ಮಾಡಿದ ಕೆಲಸವನ್ನು ಹೆಸರಿಸಿದ ಅನುಭವ ಪತ್ರವನ್ನು ಕಂಪೆನಿಯ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ವೀಸಾದ ಹುದ್ದೆ ಬೇರೆಯಾಗಿದ್ದರೆ ಅದೂ ಅದರಲ್ಲಿ ಒಂದು ಸಾಲಾಗಿ ಇರಲಿ. ಸಂಬಳದ ಪ್ರಮಾಣಪತ್ರ ಮತ್ತು ಕೊನೆಯ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಮುದ್ರೆ ಹಾಕಿಸಿ. ಮೇಲಧಿಕಾರಿಯ ಕಂಪೆನಿ ಈಮೇಲ್ ಸಾಲದು, ಸ್ವಂತ ಫೋನ್ ನಂಬರೂ ಕೇಳಿಟ್ಟುಕೊಳ್ಳಿ. ಕಂಪೆನಿ ಮುಚ್ಚಿದ ಮೇಲೆ ನಿಮ್ಮ ಪರವಾಗಿ ಮಾತಾಡುವವರು ಅವರೊಬ್ಬರೇ.